ಗೆಳತಿಗೆ ಹೊಸದಾಗಿ ಒಬ್ಬ ಸಿಕ್ಕಿದ್ದಾನೆ: ಎಷ್ಟು ಕೇಳಬೇಕು, ಎಲ್ಲಿ ನಿಲ್ಲಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ ಒಂದು ಸಂಬಂಧ ಶುರುವಾದ ಮೊದಲ ಮೂರು ನಾಲ್ಕು ತಿಂಗಳಿನ ಪ್ರಶ್ನೆಗಳು. ಗೆಳತಿ ನಿಮಗೆ ಹೇಳಿದ್ದಾಳೆ, ಮನೆಯಲ್ಲಿ ಹೇಳಿಲ್ಲ, ಊರಿಗಂತೂ ಗೊತ್ತೇ ಇಲ್ಲ. ಕಾಸರಗೋಡಿನ ಕಡೆ ಈ ಸ್ಥಿತಿ ತುಂಬಾ ಸಾಮಾನ್ಯ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೆಸರು ನಾನೇ ಇಟ್ಟದ್ದು. ವೀಣಾ, ಸುಮಾ ಇಬ್ಬರೂ ಬದಿಯಡ್ಕದ ಕಡೆಯವರು, ಕಾಲೇಜಿನಿಂದ ಜತೆಯವರು. ಇಬ್ಬರಿಗೂ ಕೆಲಸ ಮಂಗಳೂರಿನಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಕುಂಬಳೆಗೆ ಬಂದು ರೈಲು ಹತ್ತುತ್ತಾರೆ, ಸೀಸನ್ ಟಿಕೆಟ್ ಇದೆ. ವೀಣಾಳಿಗೆ ಸಜಿತ್ ಅನ್ನುವ ಹುಡುಗನ ಪರಿಚಯವಾಗಿದೆ. ಅವನು ನೀಲೇಶ್ವರದವನು, ಮನೆಮಾತು ಮಲಯಾಳ. ಒಂದು ದಿನ ರೈಲಿನಲ್ಲಿ ವೀಣಾ ಸುಮಾಳಿಗೆ ಈ ವಿಷಯ ಹೇಳಿದಳು. ಮುಂದಿನದ್ದೆಲ್ಲ ಸುಮಾಳ ಪ್ರಶ್ನೆ.

ಅವಳು ಹೇಳಿದ ಕೂಡಲೇ ನಾನು ಎಂತ ಹೇಳಬೇಕು?

ಜಾಸ್ತಿ ಜನ ಎಡವುವುದು ಇಲ್ಲೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಜತೆಗಾರರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬರು ಒಳ್ಳೆಯ ಸುದ್ದಿ ಹೇಳಿದಾಗ ಕೇಳುವವರು ಹೇಗೆ ಸ್ಪಂದಿಸುತ್ತಾರೆ ಅನ್ನುವುದನ್ನು ಅವರು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ಅದರ ಮುಖ್ಯ ಭಾಗ ಗಂಡು ಹೆಣ್ಣಿನ ಜೋಡಿಗಳ ಬಗ್ಗೆ. ಆದರೆ ಆ ನಾಲ್ಕೂ ಬಗೆ ನಮ್ಮ ರೈಲಿನಲ್ಲಿ ದಿನಾ ಕೇಳಿಸುತ್ತವೆ.

ವೀಣಾ ಹೇಳುತ್ತಾಳೆ: "ಒಬ್ಬ ಉಂಟು ಮಾರಾಯ್ತಿ. ಎರಡು ತಿಂಗಳಾಯ್ತು ಮಾತಾಡ್ಲಿಕ್ಕೆ ಶುರು ಮಾಡಿ."

ಸುಮಾ "ಓ, ಒಳ್ಳೆದಾಯ್ತು" ಅಂತ ಹೇಳಿ ಫೋನ್ ನೋಡಿದರೆ ಅದು ತಣ್ಣಗಿನ ಒಪ್ಪಿಗೆ. "ನಮ್ಮ ಆಫೀಸಲ್ಲಿ ಇವತ್ತು ಏನಾಯ್ತು ಗೊತ್ತುಂಟಾ?" ಅಂದರೆ ಸುದ್ದಿಯನ್ನೇ ದಾಟಿ ಹೋದ ಹಾಗೆ. "ಮಲಯಾಳಿಯಾ? ಮನೆಯಲ್ಲಿ ಒಪ್ತಾರಾ? ಆಲೋಚನೆ ಮಾಡಿದ್ದೀಯಾ?" ಅಂತ ಕೇಳಿದರೆ ಅದರಲ್ಲಿ ಆಸಕ್ತಿ ಇದೆ, ಆದರೆ ಸಂತೋಷಕ್ಕೆ ನೀರೆರಚುವ ಆಸಕ್ತಿ. ನಾಲ್ಕನೆಯದು: "ಹೌದಾ! ಮುಖ ನೋಡುವಾಗಲೇ ಗೊತ್ತಾಗ್ತದೆ. ಹೇಗೆ ಶುರುವಾಯ್ತು, ಹೇಳು." ಅಧ್ಯಯನದಲ್ಲಿ ಸಂಬಂಧದ ತೃಪ್ತಿ, ಹತ್ತಿರತನ ಇವುಗಳ ಜತೆ ಹೊಂದಿಕೊಂಡು ಬಂದದ್ದು ಈ ನಾಲ್ಕನೆಯದು ಮಾತ್ರ. ತಣ್ಣಗಿನ ಒಪ್ಪಿಗೆಗೂ ಆ ಗುಣ ಸಿಗಲಿಲ್ಲ.

ಮೂರನೆಯದರ ಬಗ್ಗೆ ಒಂದು ಮಾತು. ಅದನ್ನು ಹೇಳುವವರು ಕೆಟ್ಟವರಲ್ಲ. ನಮ್ಮ ಕಡೆ ಪ್ರೀತಿ ತೋರಿಸುವ ಕ್ರಮವೇ ಕಾಳಜಿ, ಕಾಳಜಿ ತೋರಿಸುವ ಕ್ರಮವೇ ಎಚ್ಚರಿಕೆ. ಆದರೆ ವೀಣಾ ಆ ಎಚ್ಚರಿಕೆಗಳನ್ನೆಲ್ಲ ರಾತ್ರಿ ನಿದ್ದೆ ಬಿಟ್ಟು ತಾನೇ ಹೇಳಿಕೊಂಡಾಗಿದೆ. ನಿಮ್ಮ ಬಾಯಿಯಿಂದ ಇನ್ನೊಮ್ಮೆ ಕೇಳಿ ಅವಳಿಗೆ ಹೊಸದಾಗಿ ಏನೂ ಸಿಗುವುದಿಲ್ಲ. ಅವಳು ಕಲಿಯುವುದು ಒಂದನ್ನೇ: ಇವಳ ಹತ್ತಿರ ಹೇಳಿದರೆ ಭಾರ ಜಾಸ್ತಿಯಾಗುತ್ತದೆ.

"ಹೇಗೆ ಶುರುವಾಯ್ತು, ಹೇಳು" ಅನ್ನುವುದರಲ್ಲಿ ಇನ್ನೊಂದು ಉಪಕಾರ ಇದೆ. ಎಲ್ಲಿಂದ ಶುರು ಮಾಡಬೇಕು, ಎಷ್ಟು ಹೇಳಬೇಕು ಅನ್ನುವುದು ಅವಳ ಕೈಯಲ್ಲೇ ಉಳಿಯುತ್ತದೆ.

ಯಾವ ಪ್ರಶ್ನೆ ಆಸಕ್ತಿ, ಯಾವ ಪ್ರಶ್ನೆ ಕೆದಕುವುದು?

ಪ್ರಶ್ನೆ ಯಾರ ಬಗ್ಗೆ ಇದೆ ಅಂತ ಮೊದಲು ನೋಡಿ. "ಅವನ ಜತೆ ಇರುವಾಗ ನಿನಗೆ ಹೇಗನ್ನಿಸ್ತದೆ?" ಅನ್ನುವುದು ವೀಣಾಳ ಬಗ್ಗೆ. "ಅವನಿಗೆ ಸಂಬಳ ಎಷ್ಟು? ಅಪ್ಪನಿಗೆ ಎಂತ ಕೆಲಸ? ಮೊದಲು ಯಾರಾದ್ರೂ ಇದ್ರಾ?" ಅನ್ನುವುದು ಸಜಿತನ ಬಗ್ಗೆ. ಮೊದಲನೆಯದಕ್ಕೆ ಉತ್ತರ ಕೊಡುವಾಗ ಅವಳಿಗೇ ತನ್ನ ಮನಸ್ಸು ಸ್ವಲ್ಪ ಸ್ಪಷ್ಟವಾಗುತ್ತದೆ. ಎರಡನೆಯದರ ಉತ್ತರದಿಂದ ಪ್ರಯೋಜನ ಇರುವುದು ನಿಮಗೆ ಮಾತ್ರ. ನೀವು ಮನಸ್ಸಿನಲ್ಲೇ ಅವನಿಗೆ ಮಾರ್ಕ್ ಹಾಕಲು ಕೂತಿದ್ದೀರಿ ಅಷ್ಟೆ.

ನಮ್ಮ ಕಡೆ ಇದರಲ್ಲಿ ಒಂದು ದೊಡ್ಡ ಗುಂಡಿ ಇದೆ. ಹೊಸಬರನ್ನು ಕಂಡಾಗ ನಾವು ಕೇಳುವ ಮೊದಲ ಪ್ರಶ್ನೆಯೇ "ನಿಮಗೆ ಮನೆ ಎಲ್ಲಾಯ್ತು?" ತುಳುವಿನಲ್ಲಿ "ಇಲ್ಲ್ ಓಲು?" ಮಲಯಾಳದಲ್ಲಿ "ವೀಡ್ ಎವಿಡೆಯಾ?" ಇದು ಬರೀ ಮರ್ಯಾದೆಯ ಮಾತು, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಅದರ ಹಿಂದೆಯೇ "ಮನೆ ಹೆಸರು ಎಂತ? ತರವಾಡು ಯಾವುದು?" ಅಂತ ಬರುತ್ತದಲ್ಲ, ಅಲ್ಲಿ ಬಣ್ಣ ಬದಲಾಗುತ್ತದೆ. ಕಾಸರಗೋಡಿನಲ್ಲಿ ಮನೆ ಹೆಸರು ಗೊತ್ತಾದರೆ ಎಷ್ಟೋ ಸಲ ಜಾತಿ ಗೊತ್ತಾದ ಹಾಗೆ. ಕೇಳಿದವರು "ನಾನು ಸುಮ್ನೆ ಕೇಳಿದ್ದು" ಅನ್ನಬಹುದು. ಉತ್ತರಿಸುವವಳಿಗೆ ಮಾತ್ರ ತಾನು ಯಾವ ಪ್ರಶ್ನೆಗೆ ಉತ್ತರಿಸುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತು. ವೀಣಾ "ನೀಲೇಶ್ವರದ ಹತ್ತಿರ" ಅಂದಳಾ? ಅಲ್ಲಿಗೆ ಬಿಡಿ. ನೀಲೇಶ್ವರದಲ್ಲಿ ಎಲ್ಲಿ, ದೇವಸ್ಥಾನದ ಯಾವ ಬದಿ ಅಂತ ಹೋಗಬೇಡಿ. ಬೇಕಾದರೆ ಅವಳೇ ಹೇಳುತ್ತಾಳೆ.

ಇನ್ನೊಂದು ಪರೀಕ್ಷೆ ಇದೆ, ನನಗೆ ಇದೇ ಜಾಸ್ತಿ ಇಷ್ಟ. ಪ್ರಶ್ನೆ ಕೇಳುವ ಮೊದಲು ಒಂದು ಕ್ಷಣ ಯೋಚಿಸಿ: ಇದಕ್ಕೆ ಅವಳು ಉತ್ತರ ಕೊಡದೇ ಇದ್ದರೆ ನನಗೆ ಬೇಸರವಾಗುತ್ತದಾ? ಆಗುತ್ತದೆ ಅಂತಾದರೆ ಕೇಳಬೇಡಿ. ನಿಜವಾದ ಆಸಕ್ತಿಯ ಪ್ರಶ್ನೆಗೆ ಉತ್ತರ ಸಿಗದಿದ್ದರೂ ಮಾತು ಮುಂದೆ ಹೋಗುತ್ತದೆ.

ಅವಳಿಗೆ ಕಿರಿಕಿರಿಯಾಯಿತು ಅಂತ ಹೇಗೆ ತಿಳಿಯುವುದು?

"ಇಷ್ಟು ಕೇಳಬೇಡ" ಅಂತ ಬಾಯಿಬಿಟ್ಟು ಹೇಳುವವರು ನಮ್ಮಲ್ಲಿ ಕಡಿಮೆ. ಬದಲಿಗೆ ಉತ್ತರ ಗಿಡ್ಡವಾಗುತ್ತದೆ. "ನೋಡುವ", "ಎಂತದೋ", "ಹಾಗೇ ಉಂಟು" ಅನ್ನುವ ಮಾತು ಬರುತ್ತದೆ. ಮಾತು ಇದ್ದಕ್ಕಿದ್ದ ಹಾಗೆ ಅಡಕೆ ರೇಟಿಗೋ ಆಫೀಸಿನ ರಜೆಗೋ ತಿರುಗುತ್ತದೆ. ಹಾಗೆ ತಿರುಗಿದಾಗ ನೀವೂ ಜತೆಗೆ ತಿರುಗಿ. "ಅದಿರಲಿ, ಆವಾಗ ಹೇಳ್ತಾ ಇದ್ದೆಯಲ್ಲ" ಅಂತ ಎಳೆದು ತರಬೇಡಿ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಅಂಗಿ ಹಾಕಿಸಿ ಎರಡನೆಯ ಸಲ ಕೇಳುವುದು ಅವಳಿಗೆ ಕೂಡಲೇ ಗೊತ್ತಾಗುತ್ತದೆ.

ಮುಂದಿನ ವಾರ ಅವಳಾಗಿಯೇ ಅದೇ ವಿಷಯ ತೆಗೆದರೆ ಏನೂ ಕೆಟ್ಟಿಲ್ಲ ಅಂತ ಅರ್ಥ. ಅವನ ಹೆಸರೇ ಅವಳ ಬಾಯಿಯಲ್ಲಿ ಬರದೇ ಹೋದರೆ ಒಮ್ಮೆ ಹೇಳಿಬಿಡಿ: "ನಾನು ಆವತ್ತು ಸ್ವಲ್ಪ ಜಾಸ್ತಿ ಕೇಳಿದೆ ಅನ್ನಿಸ್ತದೆ. ನಿನಗೆ ಬೇಕಾದಾಗ ಹೇಳು, ಬೇಡದಿದ್ರೆ ಬೇಡ." ಅಷ್ಟು ಸಾಕು. ಇದರ ಮೇಲೆ ಕ್ಷಮೆ ಕೇಳುತ್ತಾ ಕೂತರೆ ಸಮಾಧಾನ ಮಾಡುವ ಕೆಲಸವೂ ಅವಳ ತಲೆಗೇ ಬರುತ್ತದೆ.

ಏನೂ ಕೇಳದೇ ಇದ್ದರೆ ನನಗೆ ಆಸಕ್ತಿಯೇ ಇಲ್ಲ ಅಂದುಕೊಳ್ಳುವುದಿಲ್ಲವಾ?

ಅಂದುಕೊಳ್ಳಬಹುದು. "ಅವಳ ಖಾಸಗಿ ವಿಷಯ, ನನಗ್ಯಾಕೆ" ಅಂತ ಪೂರ್ತಿ ಸುಮ್ಮನಿದ್ದರೆ ಅದು ಅವಳಿಗೆ ಮೌನದ ಟೀಕೆಯ ಹಾಗೆ ಕೇಳಿಸುತ್ತದೆ. ಮನೆಯವರ ಎದುರು ಇದನ್ನು ಮುಚ್ಚಿಡುತ್ತಿರುವವಳಿಗೆ ಇನ್ನೂ ಜಾಸ್ತಿ.

ಇದಕ್ಕೆ ಉಪಾಯ ಹೊಸ ಪ್ರಶ್ನೆ ಹುಡುಕುವುದಲ್ಲ, ಅವಳು ಮೊದಲೇ ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು. ವೀಣಾ ಸೋಮವಾರ "ಅವನಿಗೆ ಶುಕ್ರವಾರ ಇಂಟರ್‌ವ್ಯೂ ಉಂಟು, ನನಗೇ ಹೆದರಿಕೆ" ಅಂದಿದ್ದಾಳೆ. ಶನಿವಾರ ಸುಮಾ "ಇಂಟರ್‌ವ್ಯೂ ಎಂತಾಯ್ತು?" ಅಂತ ಕೇಳಿದರೆ ಸಾಕು. ಅವಳು ತೆರೆದ ಬಾಗಿಲಿನಿಂದಲೇ ನೀವು ಒಳಗೆ ಹೋದಿರಿ. ಹೆಸರನ್ನೂ ಬಳಸಿ. "ನಿನ್ನ ಆ ಹುಡುಗ", "ನಿನ್ನ ಹೀರೋ" ಅನ್ನುವುದಕ್ಕಿಂತ "ಸಜಿತ್" ಅನ್ನುವುದರಲ್ಲಿ ಅವನು ಒಬ್ಬ ಮನುಷ್ಯ ಅಂತ ನೀವು ಒಪ್ಪಿಕೊಂಡ ಹಾಗಾಯಿತು. ತಮಾಷೆ ಮಾಡುವುದಿದ್ದರೆ ಅವಳು ಶುರು ಮಾಡಿದ ಮೇಲೆ ಮಾಡಿ.

ಇನ್‌ಸ್ಟಾಗ್ರಾಮಿನಲ್ಲಿ ಅವನನ್ನು ಹುಡುಕಿ ನೋಡಬಹುದಾ?

ಬೇಡ. ಸ್ಟೋರಿ ನೋಡಿದರೆ ನೋಡಿದವರ ಪಟ್ಟಿಯಲ್ಲಿ ನಿಮ್ಮ ಹೆಸರು ಬರುತ್ತದೆ. ಹಳೆಯ ಫೋಟೋಗೆ ಬೆರಳು ತಾಗಿ ಲೈಕ್ ಬಿದ್ದರೆ ಮತ್ತೆ ಕೇಳುವುದೇ ಬೇಡ. ಅದಕ್ಕಿಂತ ಮುಖ್ಯವಾದ ತೊಂದರೆ ಬೇರೆ ಇದೆ. ನೋಡಿದ ಮೇಲೆ ನಿಮಗೆ ಗೊತ್ತಿರುವುದು ಅವಳು ಹೇಳಿದ್ದಕ್ಕಿಂತ ಜಾಸ್ತಿಯಾಗುತ್ತದೆ. ಆಮೇಲೆ ಪ್ರತಿ ಮಾತಿನಲ್ಲೂ ಗೊತ್ತಿಲ್ಲದವರ ಹಾಗೆ ನಟಿಸಬೇಕು. ಒಂದು ದಿನ ಬಾಯಿ ತಪ್ಪುತ್ತದೆ.

ಒಂದು ಸಂದರ್ಭ ಬೇರೆ. ಇಬ್ಬರ ಪರಿಚಯ ಬರೀ ಆನ್‌ಲೈನಿನದ್ದು, ಒಮ್ಮೆಯೂ ಎದುರೆದುರು ಕಂಡಿಲ್ಲ, ವಿಡಿಯೋ ಕಾಲ್ ಅಂದರೆ ಏನಾದರೂ ನೆಪ, ಅಷ್ಟರಲ್ಲಿ ದುಡ್ಡಿನ ಮಾತು ಬಂದಿದೆ. ಆಗ ಕಳ್ಳತನದಲ್ಲಿ ಹುಡುಕಬೇಡಿ, ಅವಳಿಗೆ ಹೇಳಿ ಜತೆಯಲ್ಲೇ ಕೂತು ನೋಡಿ. ದುಡ್ಡು ಹೋಗಿಯೇ ಆಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿಸಿ. ಸೈಬರ್ ವಂಚನೆಗೆ ದೇಶಕ್ಕೆಲ್ಲ ಇರುವ ಸಹಾಯವಾಣಿ ಅದು. ಬೇಗ ಹೇಳಿದಷ್ಟು ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಅವಳ ಅಮ್ಮ ನನ್ನನ್ನೇ ಕೇಳಿದರೆ?

ಕೇಳುತ್ತಾರೆ. ನಮ್ಮ ಕಡೆ ಗೆಳತಿಯ ಅಮ್ಮ ಅಂದರೆ ಅರ್ಧ ನಮ್ಮ ಅಮ್ಮನೇ. ದೇವಸ್ಥಾನದಲ್ಲಿ, ಮದುವೆ ಊಟದ ಹಂತಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೈ ಹಿಡಿದು ಕೇಳುತ್ತಾರೆ: "ಮಗಾ, ಇವಳು ಯಾರ ಜತೆ ಅಷ್ಟು ಹೊತ್ತು ಫೋನಿನಲ್ಲಿ ಮಾತಾಡುವುದು? ನಿನಗೆ ಗೊತ್ತುಂಟಲ್ವಾ?"

ಸಾಂಡ್ರಾ ಪೆಟ್ರೋನಿಯೋ ಅನ್ನುವ ಸಂವಹನ ವಿದ್ವಾಂಸೆ ಖಾಸಗಿ ಮಾಹಿತಿಯ ಬಗ್ಗೆ ಒಂದು ಸಿದ್ಧಾಂತ ಬೆಳೆಸಿದ್ದಾರೆ. ಅದರ ತಿರುಳು ಸರಳ. ಗುಟ್ಟು ಹೇಳಿದವರು ನಿಮ್ಮನ್ನು ಅದರ ಪಾಲುದಾರರನ್ನಾಗಿ ಮಾಡಿಕೊಂಡ ಹಾಗೆ. ಪಾಲು ಸಿಕ್ಕಿದರೂ ಅದನ್ನು ಯಾರಿಗೆ, ಎಷ್ಟು ಹೇಳಬಹುದು ಅನ್ನುವ ನಿಯಮ ಇಬ್ಬರೂ ಮಾತಾಡಿಕೊಂಡು ಆಗಬೇಕು. ಜಗಳ ಆಗುವುದು ಎಲ್ಲಿ ಅಂದರೆ, ಆ ನಿಯಮದ ಮಾತನ್ನೇ ಯಾರೂ ಆಡದೇ ಇದ್ದಲ್ಲಿ. ಹೇಳಿದವಳು "ಇದು ಗುಟ್ಟು ಅಂತ ಹೇಳಬೇಕಾ?" ಅಂದುಕೊಳ್ಳುತ್ತಾಳೆ. ಕೇಳಿದವಳು "ಗುಟ್ಟು ಅಂತ ಹೇಳಲಿಲ್ಲವಲ್ಲ" ಅಂದುಕೊಳ್ಳುತ್ತಾಳೆ.

ಹಾಗಾಗಿ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ರೈಲು ಮಂಜೇಶ್ವರ ದಾಟುವ ಹೊತ್ತಿಗೆ ಸುಮಾ ಕೇಳುತ್ತಾಳೆ: "ಇದು ಯಾರಿಗೆಲ್ಲ ಗೊತ್ತುಂಟು? ನಾನು ಯಾರ ಹತ್ತಿರವೂ ಹೇಳಬಾರದಲ್ವಾ?" ವೀಣಾ: "ನಿನಗೆ ಮಾತ್ರ. ಅಣ್ಣನಿಗೆ ನಾನೇ ಹೇಳ್ತೇನೆ, ಓಣಂ ರಜೆಯಲ್ಲಿ." "ಅಮ್ಮ ನನ್ನ ಹತ್ತಿರ ಕೇಳಿದ್ರೆ?" "ನನ್ನನ್ನೇ ಕೇಳಲಿಕ್ಕೆ ಹೇಳು." ನಾಲ್ಕು ಮಾತಿನಲ್ಲಿ ಮುಗಿಯಿತು. ಮುಂದೆ ಎಷ್ಟೋ ತಿಂಗಳ ತಲೆಬಿಸಿ ಇದರಿಂದ ತಪ್ಪುತ್ತದೆ.

ಆಮೇಲೆ ಅಮ್ಮ ಕೇಳಿದಾಗ ಸುಮಾಳ ಉತ್ತರ ಸಿದ್ಧ: "ಅವಳ ವಿಷಯ ಅವಳೇ ಹೇಳಿದ್ರೆ ಚಂದ ಅಮ್ಮ. ನೀವೇ ಒಮ್ಮೆ ಕೂತು ಕೇಳಿ." ಇದರಲ್ಲಿ ಸುಳ್ಳಿಲ್ಲ. "ಯಾರೂ ಇಲ್ಲ, ನನಗೊಂದೂ ಗೊತ್ತಿಲ್ಲ" ಅಂದರೆ ನಾಳೆ ವಿಷಯ ಹೊರಬಂದಾಗ ಅಮ್ಮನ ಎದುರು ತಲೆ ಎತ್ತುವುದು ಕಷ್ಟ. ಹೌದು, ಈ ಉತ್ತರದಿಂದ ಅಮ್ಮನಿಗೆ ಏನೋ ಇದೆ ಅಂತ ವಾಸನೆ ಬರಬಹುದು. ಅದಕ್ಕೇ ಆ ಸಂಜೆಯೇ ವೀಣಾಳಿಗೆ ತಿಳಿಸಬೇಕು: ಅಮ್ಮ ಹೀಗೆ ಕೇಳಿದರು, ನಾನು ಹೀಗೆ ಹೇಳಿದೆ. ಮನೆಗೆ ಹೋದಾಗ ಅವಳು ಕಕ್ಕಾಬಿಕ್ಕಿಯಾಗಬಾರದು.

"ಇವತ್ತು ನಿನ್ನ ಮನೆಯಲ್ಲಿ ಇದ್ದೆ ಅಂತ ಹೇಳು" ಅಂದರೆ?

ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಒಪ್ಪಬೇಡಿ. ಸುಳ್ಳಿನ ಪಾಪ ಪುಣ್ಯದ ಮಾತಲ್ಲ ಇದು. ದಾರಿಯಲ್ಲಿ ಏನಾದರೂ ಆದರೆ ಮನೆಯವರು ಹುಡುಕುವುದು ನಿಮ್ಮ ಮನೆಯಲ್ಲಿ, ಅವಳು ಇರುವುದು ಬೇಕಲ ಕೋಟೆಯಲ್ಲಿ. "ನಾನು ಸುಳ್ಳು ಹೇಳುವುದಿಲ್ಲ, ಆದರೆ ನೀನು ಎಲ್ಲಿದ್ದೀ ಅಂತ ನನಗೆ ಗೊತ್ತಿರಲಿ, ವಾಪಸ್ ಬಂದ ಮೇಲೆ ಒಂದು ಮೆಸೇಜ್ ಹಾಕು" ಅನ್ನಿ. ಮೊದಮೊದಲ ಭೇಟಿಗಳಿಗೆ ಇದು ನಿಜವಾದ ಸಹಾಯ.

ಅವರಿಬ್ಬರನ್ನು ಮಂಗಳೂರಿನಲ್ಲಿ ಅಕಸ್ಮಾತ್ ಕಂಡರೆ?

ತಲಪಾಡಿ ದಾಟಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಉಪ್ಪಳ, ಕುಂಬಳೆ, ಕಾಸರಗೋಡಿನ ಅರ್ಧ ಊರು ಬೆಳಿಗ್ಗೆ ಅದೇ ರೈಲಿನಲ್ಲಿ ಮಂಗಳೂರಿಗೆ ಬಂದಿರುತ್ತದೆ ಅನ್ನುವುದು ಬೇರೆ ವಿಷಯ! ಕಂಡರೆ ಅವಳ ಕಣ್ಣು ನೋಡಿ. ಅವಳು ನಕ್ಕು ಕರೆದರೆ ಹೋಗಿ ಮಾತಾಡಿ. ಬೇರೆ ಕಡೆ ನೋಡಿದರೆ ನೀವೂ ಮುಂದೆ ನಡೆಯಿರಿ. ರಾತ್ರಿ "ಇವತ್ತು ನಿಮ್ಮನ್ನು ಕಂಡೆ" ಅಂತ ಮೆಸೇಜ್ ಬೇಡ. ಬೇರೆ ಯಾರಾದರೂ ಪರಿಚಯದವರು ಅಲ್ಲಿ ಇದ್ದದ್ದು ನಿಮಗೆ ಗೊತ್ತಿದ್ದರೆ ಮಾತ್ರ ತಿಳಿಸಿ. ಅದು ಅವಳಿಗೆ ಬೇಕಾದ ಮಾಹಿತಿ.

ಮೊದಲ ಸಲ ಮೂವರೂ ಸೇರುವಾಗ ಹೇಗೆ?

ಅವಳು ಕರೆದ ಮೇಲೆ ಹೋಗಿ, ನೀವಾಗಿ "ಯಾವಾಗ ತೋರಿಸ್ತೀ?" ಅಂತ ಒತ್ತಾಯ ಮಾಡಬೇಡಿ. ಸಿನಿಮಾ ಆಗಲಿ ಇಡೀ ದಿನದ ತಿರುಗಾಟ ಆಗಲಿ ಮೊದಲ ಸಲಕ್ಕೆ ಸರಿಯಲ್ಲ. ಒಂದು ಹೋಟೆಲ್, ಚಾ, ಗೋಳಿಬಜೆ, ಹೆಚ್ಚೆಂದರೆ ಒಂದು ಗಂಟೆ. ಹೋಗಬೇಕಾದ ರೈಲಿನ ಹೊತ್ತನ್ನು ಮೊದಲೇ ಹೇಳಿಟ್ಟರೆ ಎದ್ದು ಹೊರಡುವುದೂ ಸುಲಭ.

ಭಾಷೆಯದ್ದು ಇಲ್ಲಿ ದೊಡ್ಡ ವಿಷಯ. ವೀಣಾ, ಸುಮಾ ಇಬ್ಬರೇ ಇದ್ದರೆ ಕನ್ನಡ, ತುಳು, ಮಲಯಾಳ ಮೂರೂ ಒಂದೇ ವಾಕ್ಯದಲ್ಲಿ ಬರುತ್ತವೆ. ಸಜಿತ್ ಜಿಲ್ಲೆಯ ತೆಂಕು ಬದಿಯವನು. ಅವನಿಗೆ ಕನ್ನಡ ನಾಲ್ಕು ಮಾತು ಬರಬಹುದು, ತುಳು ಬರಲಿಕ್ಕಿಲ್ಲ. ಅವನ ಎದುರು ಸುಮಾ ತುಳುವಿನಲ್ಲಿ ವೀಣಾಳಿಗೆ ಏನೋ ಹೇಳಿ ಇಬ್ಬರೂ ನಕ್ಕರೆ, ಮಾತು ಚಾದ ಬಗ್ಗೆಯೇ ಇದ್ದರೂ ಅವನಿಗೆ ತನ್ನ ಬಗ್ಗೆಯೇ ಅನ್ನಿಸುತ್ತದೆ. ಆ ಒಂದು ಗಂಟೆ ಮೂವರಿಗೂ ಅರ್ಥವಾಗುವ ಭಾಷೆಯಲ್ಲೇ ಇರಲಿ, ಅಂದರೆ ಮಲಯಾಳದಲ್ಲಿ. ನಿಮ್ಮ ಮಲಯಾಳ ಕಚ್ಚಾ ಇದ್ದರೆ ಇನ್ನೂ ಒಳ್ಳೆಯದು, ನಗಲು ಒಂದು ವಿಷಯ ಸಿಕ್ಕಿತು. ಅವನು ಕನ್ನಡ ಪ್ರಯತ್ನ ಮಾಡಿದರೆ ತಿದ್ದಬೇಡಿ. ಅದು ವೀಣಾಳ ಕೆಲಸ.

ಕನ್ನಡ, ಮಲಯಾಳ ಅನ್ನುವ ಹಳೆಯ ಜಗಳವನ್ನು ಆ ಮೇಜಿಗೆ ತರಬೇಡಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದಕ್ಕೆ ನೀಲೇಶ್ವರದ ಒಬ್ಬ ಹುಡುಗ ಉತ್ತರ ಕೊಡಬೇಕಾಗಿಲ್ಲ.

ಹಿಂದಿರುಗಿದ ಮೇಲೆ ವೀಣಾ ಕೇಳಿಯೇ ಕೇಳುತ್ತಾಳೆ: "ಹೇಗಿದ್ದಾನೆ?" ಇದಕ್ಕೆ ತೀರ್ಪು ಬೇಡ, ಕಂಡದ್ದನ್ನು ಹೇಳಿ. "ನೀನು ಮಾತಾಡುವಾಗ ಅವನು ಮಧ್ಯೆ ಬಾಯಿ ಹಾಕುವುದಿಲ್ಲ, ಅದು ನನಗೆ ಇಷ್ಟವಾಯ್ತು." ಒಂದು ಗಂಟೆಯಲ್ಲಿ ನಿಜವಾಗಿ ಕಾಣುವುದೂ ಅಷ್ಟೇ.

ಈಗ ಅವಳಿಗೆ ನನ್ನ ಜತೆ ಕಳೆಯಲು ಹೊತ್ತೇ ಇಲ್ಲ. ಇದು ಸರಿಯಾ?

ಸರಿಯೋ ತಪ್ಪೋ, ಎಲ್ಲ ಕಡೆ ಆಗುವುದು ಹೀಗೆಯೇ. ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ 2010ರಲ್ಲಿ ಹೇಳಿದ್ದು ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹೊಸ ಪ್ರೇಮ ಶುರುವಾದಾಗ ತೀರಾ ಹತ್ತಿರದ ಬಳಗದಿಂದ ಸುಮಾರು ಇಬ್ಬರು ಹೊರಗೆ ಸರಿಯುತ್ತಾರಂತೆ. ಕಾರಣ ಸಿಟ್ಟಲ್ಲ. ಹತ್ತಿರದ ಸಂಬಂಧಕ್ಕೆ ಹೊತ್ತು ಬೇಕು, ದಿನದಲ್ಲಿ ಇರುವ ಹೊತ್ತು ಅಷ್ಟೇ.

ಹಾಗಾಗಿ "ನೀನು ಬದಲಾಗಿದ್ದೀ" ಅಂತ ದೂರು ಹೇಳುವುದಕ್ಕಿಂತ ಒಂದು ಸಣ್ಣ ಹೊತ್ತನ್ನು ಗಟ್ಟಿ ಹಿಡಿದುಕೊಳ್ಳಿ. ಸುಮಾ ಹೇಳಿದ್ದು ಇಷ್ಟು: "ಸಂಜೆಯೆಲ್ಲ ನೀನು ಫೋನಿನಲ್ಲೇ ಇರು, ಬೇಸರ ಇಲ್ಲ. ಬೆಳಿಗ್ಗೆ ಕುಂಬಳೆಯಿಂದ ಮಂಗಳೂರಿನ ತನಕ ಮಾತ್ರ ನನಗೆ ಬೇಕು." ರೈಲು ಹೇಗೂ ಹಿಡಿಯಲೇಬೇಕಾದ್ದರಿಂದ ವೀಣಾಳಿಗೆ ಇದು ಭಾರವಾಗಲಿಲ್ಲ. ಆ ಹೊತ್ತಿನಲ್ಲಿ ಸಜಿತನ ಮಾತೇ ಪೂರ್ತಿ ಆಗದ ಹಾಗೆ ನಿಮ್ಮ ಸುದ್ದಿಯನ್ನೂ ಹೇಳಿ. ಕೆಲವು ಗೆಳತಿಯರು ಇಲ್ಲಿ ವಿಚಿತ್ರ ತ್ಯಾಗ ಮಾಡುತ್ತಾರೆ, ತಮ್ಮ ಕಷ್ಟವನ್ನು ಹೇಳುವುದೇ ಇಲ್ಲ. ಆಮೇಲೆ "ಅವಳು ಕೇಳಲೇ ಇಲ್ಲ" ಅಂತ ಕೊರಗುತ್ತಾರೆ.

ನನಗೆ ಅವನು ಸರಿ ಕಾಣುವುದಿಲ್ಲ. ಹೇಳಬೇಕಾ?

ಮೊದಲು ಒಂದು ಸಂಗತಿ. ಕೆನಡಾದ ಮ್ಯಾಕ್‌ಡೊನಾಲ್ಡ್ ಮತ್ತು ರಾಸ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳ ಪ್ರೇಮ ಎಷ್ಟು ಕಾಲ ಬಾಳುತ್ತದೆ ಅಂತ ಮೂರು ಕಡೆಯವರನ್ನು ಕೇಳಿದ್ದರು: ಪ್ರೇಮಿಗಳನ್ನು, ಅವರ ರೂಮ್‌ಮೇಟ್‌ಗಳನ್ನು, ಅಪ್ಪ ಅಮ್ಮನನ್ನು. ಪ್ರೇಮಿಗಳಿಗಿಂತ ಉಳಿದವರ ಅಂದಾಜೇ ನಿಜಕ್ಕೆ ಹತ್ತಿರ ಇತ್ತು. ಅಂದರೆ ನಿಮ್ಮ ಅನುಮಾನಕ್ಕೆ ಬೆಲೆ ಇದೆ. ಆದರೆ ಅದೇ ಅಧ್ಯಯನದಲ್ಲಿ ತಮ್ಮ ಅಂದಾಜಿನ ಬಗ್ಗೆ ಜಾಸ್ತಿ ಧೈರ್ಯ ಇದ್ದದ್ದು ಪ್ರೇಮಿಗಳಿಗೇ. ನಿಮ್ಮ ತೀರ್ಪನ್ನು ಅವಳು ಸುಲಭದಲ್ಲಿ ಒಪ್ಪುವುದಿಲ್ಲ ಅಂತ ಆಯಿತು.

ಈಗ ನಿಮ್ಮ ಅನುಮಾನ ಯಾವ ಜಾತಿಯದ್ದು ಅಂತ ನೋಡಿಕೊಳ್ಳಿ. ಅವನು ಜಾಸ್ತಿ ಮಾತಾಡುತ್ತಾನೆ, ಬಡಾಯಿ ಕೊಚ್ಚುತ್ತಾನೆ, ಅಂಗಿ ಚಂದ ಇಲ್ಲ, ನಿಮಗೆ ಬೋರ್ ಆಗುತ್ತದೆ. ಇದೆಲ್ಲ ನಿಮ್ಮ ರುಚಿ. ಹೇಳಬೇಕಾಗಿಲ್ಲ, ಅವನ ಜತೆ ಬದುಕುವವರು ನೀವಲ್ಲವಲ್ಲ. ಇನ್ನೊಂದು ಜಾತಿಯದ್ದು ಹೀಗೆ: ಅವಳ ಫೋನಿನ ಪಾಸ್‌ವರ್ಡ್ ಕೇಳುತ್ತಾನೆ, ಎಲ್ಲಿದ್ದೀ ಅಂತ ಗಂಟೆಗೊಮ್ಮೆ ಫೋಟೋ ಕಳಿಸಲು ಹೇಳುತ್ತಾನೆ, ನಿಮ್ಮ ಜತೆ ಸೇರಬಾರದು ಅನ್ನುತ್ತಾನೆ, ಸಂಬಳ ತನ್ನ ಖಾತೆಗೆ ಹಾಕು ಅನ್ನುತ್ತಾನೆ, ಬಿಟ್ಟರೆ ಸಾಯುತ್ತೇನೆ ಅನ್ನುತ್ತಾನೆ. ಇದನ್ನು ಹೇಳಲೇಬೇಕು.

ಹೇಳುವಾಗ ಅವನು ಎಂಥವನು ಅಂತ ಹೇಳಬೇಡಿ, ನೀವು ಕಂಡ ಒಂದೇ ಒಂದು ಘಟನೆ ಹೇಳಿ. "ಅವನು ಒಳ್ಳೆಯವನಲ್ಲ" ಅಂದರೆ ಅವಳು ಅವನ ವಕೀಲಳಾಗಿ ನಿಲ್ಲುತ್ತಾಳೆ. "ನಿನ್ನೆ ರೈಲಿನಲ್ಲಿ ಅವನ ಫೋನ್ ಬಂದಾಗ ನಿನ್ನ ಕೈ ನಡುಗ್ತಾ ಇತ್ತು. ನನಗೆ ಹೆದರಿಕೆಯಾಯ್ತು" ಅಂದರೆ ವಾದ ಮಾಡಲು ಏನೂ ಇಲ್ಲ. ಒಮ್ಮೆ ಹೇಳಿ ಸುಮ್ಮನಿರಿ, ಹತ್ತಿರವೇ ಇರಿ. ಅವನ ಆಟವೇ ಅವಳನ್ನು ಒಂಟಿ ಮಾಡುವುದಾದರೆ, ನೀವು ಮುನಿಸಿಕೊಂಡು ದೂರ ಹೋದಾಗ ಆ ಕೆಲಸ ಸುಲಭವಾಗುತ್ತದೆ.

ಹೊಡೆತ, ಬೆದರಿಕೆ, ಫೋಟೋ ಹಂಚುತ್ತೇನೆ ಅನ್ನುವುದು ಇದ್ದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಅವಳಿಗೆ ಕೇಳದೆ ಅವಳ ಮನೆಗೆ ಹೇಳಬಹುದಾ? ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಹೇಳಬಹುದು. ಮೊದಲು ಅವಳಿಗೇ "ನಾನು ಇದನ್ನು ಗುಟ್ಟಾಗಿ ಇಟ್ಟುಕೊಳ್ಳುವುದಿಲ್ಲ" ಅಂತ ತಿಳಿಸಿ. ಆದರೆ ತಿಳಿಸುವುದರಿಂದಲೇ ಅಪಾಯ ಜಾಸ್ತಿ ಅಂತಿದ್ದರೆ ಕಾಯಬೇಡಿ.

ಜಾತಿ ಅಥವಾ ಧರ್ಮ ಬೇರೆ. ಮದುವೆಯ ಮಾತು ನಾನು ಎತ್ತಬಹುದಾ?

ಎರಡು ತಿಂಗಳಾಗಿರುವ ಸಂಬಂಧಕ್ಕೆ ಬೇಡ. ಅವಳಾಗಿಯೇ ಕೇಳಿದರೆ ಹೇಳಲು ಗೊತ್ತಿರಲಿ, ಯಾಕೆಂದರೆ ಇದರಲ್ಲಿ ಗೆಳತಿಗೂ ಒಂದು ಪಾತ್ರ ಬರುತ್ತದೆ. ಬೇರೆ ಧರ್ಮದವರು ಮತ ಬದಲಿಸದೆ ಮದುವೆಯಾಗುವುದು 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಅರ್ಜಿಗೆ ಮೊದಲು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಇರಬೇಕು. ನೋಟಿಸ್ ಕೊಟ್ಟ ಮೇಲೆ ಅದನ್ನು ಕಚೇರಿಯಲ್ಲಿ ಎದ್ದು ಕಾಣುವ ಹಾಗೆ ಅಂಟಿಸುತ್ತಾರೆ, ಆಕ್ಷೇಪಕ್ಕೆ 30 ದಿನ. ನೋಟಿಸ್ ಕೊಟ್ಟು 3 ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸದಾಗಿ ಕೊಡಬೇಕು.

ಮದುವೆಯ ದಿನ 3 ಸಾಕ್ಷಿಗಳ ಸಹಿ ಬೇಕು. ಅದರಲ್ಲಿ ಒಬ್ಬರು ನೀವಾಗಬಹುದು. ಮಾತಿನ ಭರದಲ್ಲಿ "ಸಹಿ ನಾನು ಹಾಕ್ತೇನೆ ಬಿಡು" ಅಂತ ಈಗಲೇ ಹೇಳಬೇಡಿ. ಇಬ್ಬರೂ ನಿರ್ಧಾರ ಮಾಡುವ ಮೊದಲೇ ಆ ಮಾತು ಅವರನ್ನು ತಳ್ಳುತ್ತದೆ. ನಾಳೆ ನಿಮ್ಮ ಮನೆಯವರ ಒತ್ತಡಕ್ಕೆ ನೀವು ಹಿಂದೆ ಸರಿದರೆ ಅವಳಿಗೆ ಎರಡು ಪಟ್ಟು ನೋವು.

ನನ್ನ ಗೆಳೆಯ ಹೇಳಿದ್ದು ಇನ್ನೊಬ್ಬ ಹುಡುಗನ ಬಗ್ಗೆ. ಇಲ್ಲೂ ಇದೇ ಕ್ರಮವಾ?

ಹೌದು, ಒಂದು ವ್ಯತ್ಯಾಸ ಬಿಟ್ಟು. ಇಲ್ಲಿ ಬಾಯಿ ತಪ್ಪಿದರೆ ಹೊರಬರುವುದು ಒಂದು ಸಂಬಂಧದ ಸುದ್ದಿ ಮಾತ್ರ ಅಲ್ಲ, ಅವನ ಬಗ್ಗೆ ಅವನಿನ್ನೂ ಯಾರಿಗೂ ಹೇಳದ ವಿಷಯ. ಅದನ್ನು ವಾಪಸ್ ಪಡೆಯಲಿಕ್ಕೆ ಆಗುವುದಿಲ್ಲ. ಹಾಗಾಗಿ ಯಾರಿಗೆಲ್ಲ ಗೊತ್ತು ಅಂತ ಮೊದಲ ದಿನ ಕೇಳುವುದು ಇಲ್ಲಿ ಇನ್ನೂ ಮುಖ್ಯ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಇದು ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿದೆ. ಅವನಿಗೆ ಕಾನೂನಿನ ಹೆದರಿಕೆ ಇದ್ದರೆ ಇದನ್ನು ತಿಳಿಸಬಹುದು. "ಯಾವಾಗಿಂದ ಗೊತ್ತು ನಿನಗೆ?" ಅನ್ನುವ ಪ್ರಶ್ನೆಯನ್ನು ಅವನೇ ಎತ್ತುವ ತನಕ ಬಿಡಿ.

ಮೂರು ತಿಂಗಳಲ್ಲಿ ಮುರಿದುಬಿತ್ತು. ಈಗ?

"ನನಗೆ ಮೊದಲೇ ಅನ್ನಿಸಿತ್ತು" ಅನ್ನುವುದನ್ನು ನುಂಗಿಕೊಳ್ಳಿ. ಅವನನ್ನು ಬಾಯಿಗೆ ಬಂದ ಹಾಗೆ ಬಯ್ಯುವುದನ್ನೂ ಸ್ವಲ್ಪ ತಡೆಹಿಡಿಯಿರಿ. ಎರಡು ವಾರದಲ್ಲಿ ಇಬ್ಬರೂ ಮತ್ತೆ ಒಂದಾಗುವುದು ಅಪರೂಪವೇನಲ್ಲ. ಆಗ ನೀವು ಬೈದದ್ದು ಅವಳಿಗೆ ನೆನಪಿರುತ್ತದೆ. ಯಾಕೆ ಮುರಿಯಿತು ಅನ್ನುವುದನ್ನು ಅವಳು ಹೇಳಿದಷ್ಟೇ ಕೇಳಿ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಬಂಧವಾಗಿದ್ದರೆ ಅವಳು ಮನೆಯಲ್ಲಿ ಅಳುವ ಹಾಗೂ ಇಲ್ಲ. ಒಂದು ಆದಿತ್ಯವಾರ ನಿಮ್ಮ ಮನೆಗೆ ಬಂದು ಇಡೀ ಮಧ್ಯಾಹ್ನ ಇರಲಿ ಅಂತ ಕರೆಯಿರಿ. ನಿಮ್ಮ ಫೋನಿನಲ್ಲಿ ಮೂವರ ಫೋಟೋ ಇದ್ದರೆ ಅಳಿಸಬೇಕಾ ಇಟ್ಟುಕೊಳ್ಳಬೇಕಾ ಅಂತ ಅವಳನ್ನೇ ಕೇಳಿ. ಸಜಿತ್ ನಿಮಗೆ ಮೆಸೇಜ್ ಮಾಡಿ ಅವಳು ಹೇಗಿದ್ದಾಳೆ ಅಂತ ವಿಚಾರಿಸಿದರೆ, ಅಮ್ಮನಿಗೆ ಕೊಟ್ಟ ಉತ್ತರವೇ ಅವನಿಗೂ: ಅವಳನ್ನೇ ಕೇಳು.